ವರ್ಣಾಂಧರಿಗೂ ಓದಬರುವ ಎಚ್ಚರಿಕೆಯ ಭಿತ್ತಿಪತ್ರ

ಮುಂಗಾರು ಬಿತ್ತನೆಯ ಕಾಲವು ಸಮೀಪಿಸಿದೊಡನೆ ರೈತ ಸಂಪರ್ಕ ಕೇಂದ್ರಗಳಲ್ಲಿಯೂ ಸಹಕಾರ ಸಂಘಗಳ ಉಗ್ರಾಣಗಳಲ್ಲಿಯೂ ಪಂಚಾಯಿತಿಯ ಗೋಡೆಗಳ ಮೇಲೂ ನಾನಾ ವಿಧವಾದ ಭಿತ್ತಿಪತ್ರಗಳು ಕಾಣಬರುವುವು. ಇವುಗಳಲ್ಲಿ ಕೆಲವು ಇಲಾಖೆಯಿಂದ ಸಿದ್ಧವಾಗಿ ಬಂದವು. ಉಳಿದವು ಊರಿನ ಮುಖ್ಯಸ್ಥರೂ ದೊಡ್ಡ ಹಿಡುವಳಿದಾರರೂ ತಮ್ಮ ತಾಲ್ಲೂಕಿನ ಮುದ್ರಣಾಲಯದಲ್ಲಿ ಹೇಳಿ ಮಾಡಿಸಿಕೊಂಡವು. ಈ ಎರಡನೆಯ ಬಗೆಯ ಪತ್ರಗಳಲ್ಲಿ ಬಹುಮಟ್ಟಿಗೆ ಒಂದೇ ರೂಢಿಯು ನಡೆದು ಬಂದಿದೆ. ವ್ಯವಸಾಯದ ವಿಷಯವಾದುದರಿಂದ ಹಿನ್ನೆಲೆಗೆ ಹಸಿರು ಬಣ್ಣ. ಅಪಾಯದ ವಿಷಯವಾದುದರಿಂದ ಅಕ್ಷರಗಳಿಗೆ ಕೆಂಪು ಬಣ್ಣ. ಎರಡಕ್ಕೂ ಕಾರಣವುಂಟು, ಎರಡೂ ಬೇರೆ ಬೇರೆಯಾಗಿ ನೋಡಿದರೆ ಯುಕ್ತವೇ ಸರಿ. ಆದರೆ ಒಂದರ ಮೇಲೊಂದು ಕೂಡಿದಾಗ, ಊರಿನ ಕೆಲವು ಗಂಡಸರಿಗೆ ಆ ಪತ್ರವು ಮಣ್ಣಿನ ಬಣ್ಣದ ಬರಿಯ ಹಾಳೆಯಂತೆ ಕಾಣುವುದೇ ಹೊರತು ಅದರಲ್ಲಿ ಬರೆದ ಎಚ್ಚರಿಕೆಯು ಕಣ್ಣಿಗೆ ಬೀಳುವುದಿಲ್ಲ.

ಎಚ್ಚರಿಕೆಯು ಕಣ್ಣಿಗೆ ಬೀಳದಿದ್ದರೆ ಏನಾಗುವುದೆಂಬುದಕ್ಕೆ ಇರಾಕ್ ದೇಶದಲ್ಲಿ 1971–72ರಲ್ಲಿ ನಡೆದ ಸಂಗತಿಯನ್ನು ನೆನೆಯಬಹುದು. ಅಲ್ಲಿನ ರೈತರಿಗೆ ಬಿತ್ತನೆಗೆಂದು ಹಂಚಿದ ಗೋಧಿಗೂ ಬಾರ್ಲಿಗೂ ಪಾದರಸದ ಔಷಧಿಯನ್ನು ಲೇಪಿಸಿ, ತಿನ್ನುವ ಕಾಳಿನಿಂದ ಬೇರೆಯೆಂದು ತಿಳಿಯುವಂತೆ ಕೆಂಪು ಬಣ್ಣವನ್ನೂ ಕಟ್ಟಿದ್ದರು. ಚೀಲಗಳ ಮೇಲೆ ಎಚ್ಚರಿಕೆಯೂ ಇತ್ತು. ಆದರೆ ಅದು ಆ ರೈತರು ಓದಲಾರದ ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಭಾಷೆಗಳಲ್ಲಿತ್ತು. ಕಾಳನ್ನು ತೊಳೆದು ಬಣ್ಣ ಬಿಟ್ಟರೆ ವಿಷವೂ ಬಿಟ್ಟಿತೆಂದು ಹಲವರು ನಂಬಿ ರೊಟ್ಟಿ ಮಾಡಿಕೊಂಡು ತಿಂದರು. ಆಸ್ಪತ್ರೆಗೆ ಸೇರಿದವರೇ 6,530 ಮಂದಿ. ಅಲ್ಲಿ ಮೃತರಾದವರು 459 ಮಂದಿ. ಅಲ್ಲಿನ ಅನರ್ಥಕ್ಕೆ ಕಾರಣವು ಭಾಷೆಯೇ ಹೊರತು ವರ್ಣಾಂಧತೆಯಲ್ಲ. ಆದರೂ ಗೋಡೆಯ ಮೇಲಿದ್ದು ಓದಬಾರದ ಎಚ್ಚರಿಕೆಯು ಇಲ್ಲದಿರುವ ಎಚ್ಚರಿಕೆಗೆ ಸಮಾನವೆಂಬುದು ಅದರಿಂದ ಸ್ಪಷ್ಟವಾಗುವುದು. ಇಂದಿಗೂ ಔಷಧಿ ಲೇಪಿಸಿದ ಬೀಜಕ್ಕೆ ಸಾಮಾನ್ಯವಾಗಿ ಕೆಂಪು ಅಥವಾ ಗುಲಾಬಿ ಬಣ್ಣವನ್ನೇ ಕಟ್ಟುವ ಪದ್ಧತಿಯಿದೆ. ವರ್ಣಾಂಧನಿಗೆ ಆ ಬಣ್ಣದ ಸೂಚನೆಯೇ ಮಸುಕು. ಗೋಡೆಯ ಮೇಲಿನ ಬರಹವೂ ಕೆಂಪಾಗಿ ಹಸಿರಿನಲ್ಲಿ ಅಡಗಿಹೋದರೆ, ಅವನಿಗೆ ಎರಡು ಸೂಚನೆಗಳೂ ತಪ್ಪಿದಂತಾಯಿತು.

ವರ್ಣಾಂಧತೆಯೆಂದರೆ ಕುರುಡುತನವಲ್ಲ. ಅಂಥವನ ದೃಷ್ಟಿಯು ಬಹುದೂರದವರೆಗೆ ಚುರುಕಾಗಿರಬಹುದು. ಕಣ್ಣಿನ ಹಿಂಭಾಗದ ಪರದೆಯಲ್ಲಿ ಬಣ್ಣವನ್ನು ಗ್ರಹಿಸುವ ಮೂರು ಬಗೆಯ ಸೂಕ್ಷ್ಮ ಕಣಗಳಿವೆ. ಒಂದು ಬಗೆಯದು ಮುಖ್ಯವಾಗಿ ಕೆಂಪಿನ ಕಡೆಯ ಬೆಳಕನ್ನೂ, ಇನ್ನೊಂದು ಹಸಿರಿನ ಕಡೆಯದನ್ನೂ, ಮೂರನೆಯದು ನೀಲಿಯ ಕಡೆಯದನ್ನೂ ಹಿಡಿಯುತ್ತವೆ. ಮೊದಲಿನ ಎರಡರಲ್ಲಿ ಒಂದು ಹುಟ್ಟಿನಿಂದಲೇ ಇಲ್ಲದಿದ್ದರೆ, ಇಲ್ಲವೆ ಸ್ವಲ್ಪ ಮಾರ್ಪಟ್ಟಿದ್ದರೆ, ಕೆಂಪು, ಹಸಿರು, ಕಂದು, ಕಿತ್ತಳೆ ಇವುಗಳ ಭೇದವು ಕುಗ್ಗಿ, ಎಲ್ಲವೂ ಹಳದಿಗಂದಿನ ನಾನಾ ಛಾಯೆಗಳಂತೆ ತೋರುವುವು. ನೀಲಿಗೂ ಹಳದಿಗೂ ಇರುವ ಭೇದವು ಇಂಥವರಿಗೆ ಚೆನ್ನಾಗಿಯೇ ತಿಳಿಯುತ್ತದೆ. ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞನಾದ ಜಾನ್ ಡಾಲ್ಟನ್ ಎಂಬಾತನು 1794ರಲ್ಲಿ ತನ್ನ ಕಣ್ಣಿನ ಈ ದೋಷವನ್ನು ತಾನೇ ವಿವರಿಸುತ್ತ, ಮುದ್ರೆಯೊತ್ತುವ ಕೆಂಪು ಅರಗೂ ಲಾರೆಲ್ ಎಂಬ ಗಿಡದ ಹಸಿರೆಲೆಯೂ ತನಗೆ ಒಂದೇ ಬಣ್ಣವಾಗಿ ಕಾಣುವುವೆಂದು ತಿಳಿಸಿದನು. ಅವನ ಮರಣಾನಂತರ ಕಾದಿರಿಸಿದ್ದ ಕಣ್ಣನ್ನು 1995ರಲ್ಲಿ ಪರೀಕ್ಷಿಸಿದಾಗ, ಅವನಲ್ಲಿ ಹಸಿರಿನ ಕಡೆಯ ಕಣಗಳಿಗೆ ಬೇಕಾದ ದ್ರವ್ಯವು ಇರಲಿಲ್ಲವೆಂದು ಗೊತ್ತಾಯಿತು. ಹಸಿರಿನ ಮೇಲೆ ಕೆಂಪಕ್ಷರ ಬರೆಸುವವರು ಡಾಲ್ಟನನಿಗೆ ಎಲೆಯ ಮೇಲೆ ಅರಗಿನಿಂದ ಬರೆದು ಕೊಟ್ಟಂತೆಯೇ ಸರಿ.

ಈ ದೋಷವು ಗಂಡಸರಲ್ಲಿ ಹೆಚ್ಚು, ಹೆಂಗಸರಲ್ಲಿ ಬಹಳ ಕಡಿಮೆ. ಯೂರೋಪು ಮೂಲದವರಲ್ಲಿ ಲೆಕ್ಕ ಹಾಕಿದಾಗ ಗಂಡಸರಲ್ಲಿ 100ಕ್ಕೆ 8ರಷ್ಟೂ ಹೆಂಗಸರಲ್ಲಿ 200ಕ್ಕೆ 1ರಷ್ಟೂ ಕಂಡುಬಂದಿದೆ. ಇತರ ಅನೇಕ ಜನಾಂಗಗಳಲ್ಲಿ ಇದಕ್ಕಿಂತ ಕಡಿಮೆ. ಇದು ಸಾಮಾನ್ಯವಾಗಿ ತಾಯಿಯ ಮೂಲಕ ಇಳಿದು ಬರತಕ್ಕದ್ದು. ತಾಯಿಯ ತಂದೆಗೆ ಈ ದೋಷವಿದ್ದರೆ ಮಗಳಿಗೆ ಏನೂ ತಿಳಿಯದೆ ಹೋಗಿ, ಅವಳ ಗಂಡುಮಕ್ಕಳಲ್ಲಿ ಕೆಲವರಿಗೆ ಕಾಣಿಸಿಕೊಳ್ಳುವುದು. ಎಷ್ಟೋ ಜನರು ತಮಗೆ ಈ ದೋಷವಿದೆಯೆಂಬುದನ್ನೇ ಅರಿಯರು. ಎಲೆ ಹಸಿರು, ರಕ್ತ ಕೆಂಪು ಎಂದು ಬಾಲ್ಯದಿಂದ ಕೇಳಿ ಕಲಿತಿರುವುದರಿಂದ ಕೇಳಿದವರಿಗೆ ಸರಿಯಾಗಿಯೇ ಉತ್ತರ ಹೇಳುವರು. ಕಾಫಿ ತೋಟದಲ್ಲಿ ಹಣ್ಣಾದ ಕಾಯಿಯನ್ನು ಎಲೆಗಳ ನಡುವೆ ಹುಡುಕುವುದಕ್ಕೆ ಮಿಕ್ಕವರಿಗಿಂತ ತಡಮಾಡುವವನು, ಗಿಡದಲ್ಲಿನ ಕೆಂಪು ಮೆಣಸಿನಕಾಯಿಯನ್ನು ದೂರದಿಂದ ಗುರುತಿಸಲಾರದವನು, ಟೊಮೇಟೊ ಹಣ್ಣಾಯಿತೇ ಎಂದು ನೋಡದೆ ಮುಟ್ಟಿ ಅದುಮಿ ತಿಳಿಯುವವನು ಇಂಥವನಾಗಿರಬಹುದು. ಆಳಿನ ಸೋಮಾರಿತನವೆಂದು ಯಜಮಾನನು ಬಗೆದುಕೊಂಡದ್ದು ಕೆಲವೊಮ್ಮೆ ಕಣ್ಣಿನ ದೋಷವಾಗಿರುವುದೂ ಉಂಟು.

ಇನ್ನು ಮುಖ್ಯ ವಿಷಯ. ಕಣ್ಣು ಅಕ್ಷರವನ್ನು ಓದುವುದು ಬಣ್ಣದ ಹೆಸರಿನಿಂದಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಇರುವ ಹೊಳಪಿನ ಅಂತರದಿಂದ. ಸಾಧಾರಣ ದೃಷ್ಟಿಯವನಿಗೆ ಹೊಳಪಿನ ಅಂತರವು ಸಾಲದೆ ಹೋದರೂ ಬಣ್ಣದ ಅಂತರವು ನೆರವಾಗಿ, ಹೇಗೋ ಓದಿಸಿಬಿಡುವುದು. ವರ್ಣಾಂಧನಿಗೆ ಆ ನೆರವಿಲ್ಲ. ಆದಕಾರಣ ಪರೀಕ್ಷಿಸಬೇಕಾದುದು ಕೆಂಪು ಹಸಿರುಗಳು ಕೂಡಿವೆಯೇ ಇಲ್ಲವೇ ಎಂಬುದನ್ನಲ್ಲ, ಅವುಗಳ ಹೊಳಪು ಸಮನಾಗಿದೆಯೇ ಎಂಬುದನ್ನು. ನಸು ಗಿಳಿಹಸಿರಿನ ಮೇಲೆ ಕಡುಗೆಂಪಿನ ಅಕ್ಷರವು ವರ್ಣಾಂಧನಿಗೂ ಚೆನ್ನಾಗಿ ಓದಬರುವುದು; ಏಕೆಂದರೆ ಒಂದು ಬೆಳ್ಳಗಿದೆ, ಇನ್ನೊಂದು ಕಪ್ಪಗಿದೆ. ಬಿಳಿಯ ಮೇಲೆ ಹಳದಿ ಅಕ್ಷರವನ್ನಾದರೋ, ಕೆಂಪೂ ಹಸಿರೂ ಎರಡೂ ಇಲ್ಲದಿದ್ದರೂ, ಯಾವ ಕಣ್ಣೂ ಓದಲಾರದು.

ಈ ಹೊಳಪಿನ ಅಂತರವನ್ನು ಅಂಕಿಯಲ್ಲಿ ಹೇಳುವುದಕ್ಕೆ ಒಂದು ಲೆಕ್ಕವಿದೆ. ಅದನ್ನು ಮೊದಲು ಗೊತ್ತುಮಾಡಿದ್ದು ಕಂಪ್ಯೂಟರಿನ ಪರದೆಯ ಬರಹಕ್ಕಾಗಿ. ಮುದ್ರಿತ ಪತ್ರಕ್ಕೂ ಅದು ತಕ್ಕಮಟ್ಟಿಗೆ ಸಲ್ಲುವುದು. ಈಗಿನ ಮುದ್ರಣಾಲಯಗಳಲ್ಲಿ ಭಿತ್ತಿಪತ್ರದ ವಿನ್ಯಾಸವು ಕಂಪ್ಯೂಟರಿನಲ್ಲಿಯೇ ಆಗುವುದರಿಂದ, ಪ್ರತಿಯೊಂದು ಬಣ್ಣಕ್ಕೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿಗಳು, ಒಂದೊಂದೂ 0ಯಿಂದ 255ರ ವರೆಗೆ, ವಿನ್ಯಾಸಗಾರನ ಬಳಿ ಇದ್ದೇ ಇರುತ್ತವೆ. ಇವುಗಳಿಂದ ಬಣ್ಣದ ಪ್ರಕಾಶಾಂಕವನ್ನು ತೆಗೆಯುವರು. ಅಪ್ಪಟ ಬಿಳಿಯ ಪ್ರಕಾಶಾಂಕ 1, ಅಪ್ಪಟ ಕಪ್ಪಿನದು 0. ಮಿಕ್ಕ ಬಣ್ಣಗಳು ಇವೆರಡರ ನಡುವೆ ಬೀಳುವುವು: ತುಂಬು ಹಳದಿಯದು ಸುಮಾರು 0.93, ತುಂಬು ಕೆಂಪಿನದು 0.21, ಭಿತ್ತಿಪತ್ರಗಳಲ್ಲಿ ಸಾಮಾನ್ಯವಾಗಿ ಬಳಸುವ ಎಲೆಹಸಿರಿನದು (0, 128, 0) ಸುಮಾರು 0.15. ಈ ಅಂಕಗಳನ್ನು ಕಂಡುಹಿಡಿಯುವ ಲೆಕ್ಕವು ಸ್ವಲ್ಪ ತೊಡಕಾದುದು. ಅದನ್ನು ಯಂತ್ರಕ್ಕೇ ಬಿಡಬಹುದು. ಮುಂದಿನದು ಸುಲಭ. ಅಕ್ಷರದ ಅಂಕಕ್ಕೂ ಹಿನ್ನೆಲೆಯ ಅಂಕಕ್ಕೂ 0.05ನ್ನು ಕೂಡಿಸಿ, ದೊಡ್ಡದನ್ನು ಚಿಕ್ಕದರಿಂದ ಭಾಗಿಸಿದರೆ ಬರುವುದೇ ಅಂತರಾಂಕ. ಎರಡು ಬಣ್ಣಗಳ ಹೊಳಪು ಒಂದೇ ಆಗಿದ್ದರೆ ಅಂತರಾಂಕ 1; ಬಿಳಿಯ ಮೇಲೆ ಕಪ್ಪಕ್ಷರವಾದರೆ 21. ಸಾಧಾರಣ ಗಾತ್ರದ ಬರಹಕ್ಕೆ ಅಂತರಾಂಕವು 4.5ಕ್ಕೆ ಕಡಿಮೆಯಿರಕೂಡದೆಂದೂ, ದಪ್ಪ ಅಕ್ಷರಗಳಿಗೆ 3 ಆದರೂ ಇರಬೇಕೆಂದೂ, ಸಾಧ್ಯವಾದಲ್ಲಿ 7 ಇದ್ದರೆ ಲೇಸೆಂದೂ ಆ ನಿಯಮದ ವಿಧಿ. ಗೋಡೆಯ ಪತ್ರವು ಬೆಳಗುವ ಪರದೆಯಂತಲ್ಲ. ಧೂಳು ಕೂರುವುದು, ಬಿಸಿಲಿಗೆ ಮಾಸುವುದು, ಮುಸ್ಸಂಜೆಯಲ್ಲಿಯೂ ಓದಲ್ಪಡಬೇಕು. ಆದುದರಿಂದ ವಿಷದ ವಿಷಯವಾದ ಎಚ್ಚರಿಕೆಗೆ 7ನ್ನೇ ಕನಿಷ್ಠವೆಂದು ಹಿಡಿಯುವುದು ವಿವೇಕ.

ದೃಷ್ಟಾಂತಕ್ಕಾಗಿ, ಔಷಧಿ ಲೇಪಿಸಿದ ಬೀಜದ ಉಗ್ರಾಣದಲ್ಲಿ ಹಾಕಲು ಸಿದ್ಧಮಾಡಿದ ಒಂದು ಪತ್ರವನ್ನು ಭಾವಿಸಬಹುದು. ಪತ್ರವೆಲ್ಲ ಎಲೆಹಸಿರು. ಮೇಲ್ಗಡೆ ಬಿಳಿಯ ಅಕ್ಷರಗಳಲ್ಲಿ ‘ಬಿತ್ತನೆಯ ಬೀಜ’ ಎಂಬ ತಲೆಬರಹ. ನಡುವೆ ತುಂಬು ಕೆಂಪಿನ ಅಕ್ಷರಗಳಲ್ಲಿ ‘ಈ ಕಾಳಿಗೆ ಔಷಧಿ ಲೇಪಿಸಿದೆ. ತಿನ್ನಬಾರದು, ದನಕರುಗಳಿಗೆ ಹಾಕಬಾರದು’ ಎಂಬ ವಾಕ್ಯ. ಕೆಳಗೆ ಕಪ್ಪು ಪಟ್ಟಿಯ ಮೇಲೆ ಅದೇ ಕೆಂಪಿನಲ್ಲಿ ‘ವಿಷ’ ಎಂಬ ದಪ್ಪ ಅಕ್ಷರ. ಸಾಧಾರಣ ಕಣ್ಣಿಗೆ ಈ ಪತ್ರವು ಅಂದವಾಗಿಯೇ ಕಾಣುವುದು. ಮಾಡಿಸಿದವರು ಮೆಚ್ಚಿ ಹಣ ಕೊಟ್ಟಾರು.

ಲೆಕ್ಕ ಹಾಕಿದರೆ, ತಲೆಬರಹದ ಅಂತರಾಂಕವು 5.1, ಅದು ದಪ್ಪ ಅಕ್ಷರವಾದುದರಿಂದ ಧಾರಾಳವಾಗಿ ಸಾಕು. ನಡುವಿನ ವಾಕ್ಯಕ್ಕೆ ಬರುವುದು 1.28 ಮಾತ್ರ. ಎಂದರೆ ಕೆಂಪಿನ ಹೊಳಪೂ ಹಸಿರಿನ ಹೊಳಪೂ ಹೆಚ್ಚು ಕಡಿಮೆ ಒಂದೇ. ಪತ್ರವನ್ನು ಮಾಡಿಸಿದ ಉದ್ದೇಶವೇ ಯಾವ ವಾಕ್ಯವೋ ಅದೇ ವಾಕ್ಯವು ಮರೆಯಾಯಿತು. ಉಳಿದ ತಲೆಬರಹವಾದರೋ ಬಿತ್ತುವವನಿಗೆ ಗೊತ್ತಿದ್ದ ಸಂಗತಿಯನ್ನೇ ಹೇಳುವುದು. ಮೂರನೆಯದಾದ ಕಪ್ಪಿನ ಮೇಲಿನ ಕೆಂಪಿಗೆ ಲೆಕ್ಕವು 5.25 ಎಂದು ತೋರಿಸುವುದು. ದಪ್ಪ ಅಕ್ಷರಕ್ಕೆ ಇದು ಸಾಲದೇ ಎಂದು ಕೇಳಬಹುದು. ಇಲ್ಲಿಯೇ ಲೆಕ್ಕವನ್ನು ನಂಬಿದವರು ಮೋಸಹೋಗುವುದು.

ಕಾರಣವನ್ನು ಸ್ವಲ್ಪ ವಿವರಿಸಬೇಕು. ಕೆಂಪು–ಹಸಿರು ವರ್ಣಾಂಧತೆಯಲ್ಲಿ ಎರಡು ಬಗೆ. ಹಸಿರಿನ ಕಡೆಯ ಕಣಗಳಿಲ್ಲದವರಿಗೆ ಬಣ್ಣದ ಭೇದವು ತಪ್ಪಿದರೂ ಕೆಂಪಿನ ಹೊಳಪೇನೂ ಕುಗ್ಗುವುದಿಲ್ಲ. ಕೆಂಪಿನ ಕಡೆಯ ಕಣಗಳೇ ಇಲ್ಲದವರಿಗಾದರೋ ಕೆಂಪು ಬೆಳಕನ್ನು ಹಿಡಿಯುವ ಸಾಧನವೇ ಇಲ್ಲದಂತಾಗಿ, ಅಪ್ಪಟ ಕೆಂಪು ಬಣ್ಣವು ಮಿಕ್ಕವರಿಗೆ ಕಾಣುವ ಹೊಳಪಿನ ಸುಮಾರು ಅರ್ಧದಷ್ಟು ಮಾತ್ರ ಹೊಳೆಯುವ ಮಂಕು ಕಂದಾಗಿ ಕಾಣುವುದು. ಮೇಲಿನ ಲೆಕ್ಕದ 0.21 ಎಂಬ ಅಂಕವು ಸಾಧಾರಣ ಕಣ್ಣಿಗೆ ಗೊತ್ತುಮಾಡಿದ್ದು. ಈ ಎರಡನೆಯ ಬಗೆಯವನ ಕಣ್ಣಿಗೆ ಅದು 0.10ರ ಆಸುಪಾಸು. ಹಾಗೆ ಲೆಕ್ಕ ಹಾಕಿದರೆ ಕಪ್ಪಿನ ಮೇಲಿನ ಕೆಂಪಕ್ಷರದ ಅಂತರಾಂಕವು 5.25ರಿಂದ 3ಕ್ಕೆ ಇಳಿಯುವುದು. ಹೊಸ ಪತ್ರವನ್ನು ಹಗಲಿನಲ್ಲಿ ಹತ್ತಿರ ನಿಂತು ನೋಡಿದರೆ ಹೇಗೋ ಕಂಡೀತು. ಉಗ್ರಾಣದ ಮಬ್ಬಿನಲ್ಲಿ, ಧೂಳು ಹಿಡಿದ ಮೇಲೆ, ಅದು ಬರಿಯ ಕಪ್ಪು ಪಟ್ಟಿ. ಇದರಿಂದ ಒಂದು ನಿಯಮವು ಸಿದ್ಧಿಸುತ್ತದೆ: ಕೆಂಪು ಬಣ್ಣವನ್ನು ಯಾವಾಗಲೂ ಕಪ್ಪಿನ ಪಕ್ಷಕ್ಕೆ ಸೇರಿದ್ದೆಂದು ಎಣಿಸತಕ್ಕದ್ದು. ಬಿಳಿಯ ಅಥವಾ ಹಳದಿಯ ಜತೆಗೆ ಅದು ಬಂದರೆ ಅಡ್ಡಿಯಿಲ್ಲ, ಈ ಬಗೆಯವನಿಗೆ ಇನ್ನೂ ಸ್ಪಷ್ಟವೇ ಆಗುವುದು. ಕಪ್ಪು, ಕಡುನೀಲಿ, ಕಡುಹಸಿರು ಇವುಗಳ ಜತೆಗೆ ಬರಕೂಡದು. ಕೀಟನಾಶಕದ ಡಬ್ಬಿಗಳ ಮೇಲೆ ‘ವಿಷ’ ಎಂಬರ್ಥದ ಮಾತನ್ನು ಕೆಂಪಿನಲ್ಲಿ ಮುದ್ರಿಸಬೇಕೆಂದು 1971ರ ಕೀಟನಾಶಕ ನಿಯಮಗಳು ವಿಧಿಸಿವೆ. ಅದು ಸಾಮಾನ್ಯವಾಗಿ ಬಿಳಿಯ ಹಿನ್ನೆಲೆಯ ಮೇಲೆ ಇರುವುದರಿಂದ ಓದಬರುತ್ತದೆ. ಡಬ್ಬಿಯ ಕೆಂಪನ್ನು ನೋಡಿ ಭಿತ್ತಿಪತ್ರಕ್ಕೆ ತೆಗೆದುಕೊಳ್ಳುವವರು ಅದರ ಬಿಳಿಯನ್ನು ಬಿಟ್ಟುಬರುವುದೇ ತೊಂದರೆ.

ಲೆಕ್ಕದ ಗೊಡವೆ ಬೇಡವೆನ್ನುವವರಿಗೆ ಎರಡು ಸುಲಭ ಪರೀಕ್ಷೆಗಳುಂಟು. ಮೊದಲನೆಯದು ಮೊಬೈಲು ಫೋನಿನದು. ಮುದ್ರಣಾಲಯದಿಂದ ಬಂದ ಮಾದರಿಯ ಚಿತ್ರವನ್ನು, ಇಲ್ಲವೆ ಗೋಡೆಯ ಮೇಲಿನ ಪತ್ರವನ್ನೇ ಫೋಟೋ ತೆಗೆದು, ಚಿತ್ರವನ್ನು ತಿದ್ದುವ ಭಾಗದಲ್ಲಿ ಬಣ್ಣವನ್ನು ಪೂರ್ತಿಯಾಗಿ ತೆಗೆದುಹಾಕಿ ಕಪ್ಪುಬಿಳುಪು ಮಾಡತಕ್ಕದ್ದು. ಬಣ್ಣವೆಲ್ಲ ಹೋಗಿ ಹೊಳಪು ಮಾತ್ರ ಉಳಿಯುವುದರಿಂದ, ಯಾವ ಅಕ್ಷರಗಳು ಬಣ್ಣದ ಬಲದಿಂದ ಮಾತ್ರ ನಿಂತಿದ್ದುವೋ ಅವು ಕರಗಿಹೋಗುವುವು. ಮೇಲೆ ಹೇಳಿದ ಪತ್ರದಲ್ಲಿ ನಡುವಿನ ವಾಕ್ಯವು ಬೂದುಬಣ್ಣದ ಮೇಲೆ ಬೂದುಬಣ್ಣವಾಗಿ ಅಳಿಸಿದಂತಾಗುವುದನ್ನು ಯಾರಾದರೂ ನೋಡಬಹುದು. ಪರೀಕ್ಷೆಯು ವರ್ಣಾಂಧತೆಗಿಂತ ಸ್ವಲ್ಪ ಕಟುವಾದುದು. ವರ್ಣಾಂಧನಿಗೆ ನೀಲಿ ಹಳದಿಗಳ ಭೇದವಾದರೂ ಇದೆ, ಈ ಚಿತ್ರದಲ್ಲಿ ಅದೂ ಇಲ್ಲ. ಕಟುವಾಗಿದ್ದರೆ ನಷ್ಟವಿಲ್ಲ. ಆದರೆ ಕಪ್ಪಿನ ಮೇಲಿನ ಕೆಂಪನ್ನು ಈ ಪರೀಕ್ಷೆಯು ಹಿಡಿಯುವುದಿಲ್ಲ. ಫೋನು ಸಾಧಾರಣ ಕಣ್ಣಿನ ಅಳತೆಯಿಂದಲೇ ಕೆಂಪನ್ನು ಬೂದಾಗಿ ಮಾರ್ಪಡಿಸುವುದರಿಂದ ‘ವಿಷ’ ಎಂಬ ಅಕ್ಷರವು ಅಲ್ಲಿ ಚೆನ್ನಾಗಿಯೇ ಕಾಣುವುದು.

ಅದಕ್ಕಾಗಿ ಎರಡನೆಯ ಪರೀಕ್ಷೆ. ಅಂಗಡಿಗಳಲ್ಲಿ ಹೂಗುಚ್ಛಕ್ಕೂ ಉಡುಗೊರೆಗೂ ಸುತ್ತುವ ಬಣ್ಣದ ಪಾರದರ್ಶಕ ಕಾಗದವು ದೊರೆಯುತ್ತದೆ. ಅದರಲ್ಲಿ ಕಡುಹಸಿರಿನದನ್ನು ಎರಡು ಮೂರು ಪದರ ಮಡಿಸಿ, ಕಣ್ಣಿಗೆ ಅಡ್ಡ ಹಿಡಿದು ಪತ್ರವನ್ನು ನೋಡತಕ್ಕದ್ದು. ಹಸಿರು ಕಾಗದವು ಕೆಂಪು ಬೆಳಕನ್ನು ತಡೆಯುವುದರಿಂದ ಕೆಂಪೆಲ್ಲ ಕಪ್ಪಾಗಿ ಕಾಣುವುದು. ಕಪ್ಪು ಪಟ್ಟಿಯ ಮೇಲಿನ ಕೆಂಪಕ್ಷರವು ಮಾಯವಾಗುವುದು. ಇದೂ ನಿಜವಾದ ದೋಷಕ್ಕಿಂತ ಕಟುವೇ. ಆದರೆ ಒಂದು ಎಚ್ಚರವು ಅವಶ್ಯ. ಹಸಿರಿನ ಮೇಲಿನ ಕೆಂಪನ್ನು ಈ ಕಾಗದದ ಮೂಲಕ ನೋಡಿದರೆ, ಹಸಿರು ಬೆಳ್ಳಗೂ ಕೆಂಪು ಕಪ್ಪಗೂ ಆಗಿ, ಇಲ್ಲದ ಅಂತರವು ಹೊಸದಾಗಿ ಹುಟ್ಟಿಬಿಡುವುದು. ಓದಬಾರದ ಪತ್ರವು ಓದಬರುವಂತೆ ತೋರುವುದು. ಆದುದರಿಂದ ಒಂದು ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಸಾಲದು. ಫೋನಿನ ಕಪ್ಪುಬಿಳುಪಿನಲ್ಲಿಯೂ ಹಸಿರು ಕಾಗದದಲ್ಲಿಯೂ, ಎರಡರಲ್ಲಿಯೂ ಉಳಿದ ಅಕ್ಷರವೇ ನಿಜವಾಗಿ ಉಳಿದದ್ದು.

ಇವೆರಡಕ್ಕಿಂತ ಮೇಲಾದದ್ದು ವರ್ಣಾಂಧನಾದ ಮನುಷ್ಯನಿಗೇ ತೋರಿಸುವುದು. ಕಣ್ಣಾಸ್ಪತ್ರೆಯಲ್ಲಿ, ಜಪಾನಿನ ಇಷಿಹಾರ ಎಂಬ ವೈದ್ಯನು 1917ರಲ್ಲಿ ಪ್ರಕಟಿಸಿದ ಚುಕ್ಕೆ ಚಿತ್ರಗಳ ಪರೀಕ್ಷೆಯಿಂದ ತನ್ನ ದೋಷವನ್ನು ತಿಳಿದುಕೊಂಡವನು ಊರಿನಲ್ಲಿ ಒಬ್ಬನಾದರೂ ಇದ್ದರೆ ಅವನ ಸಹಾಯವನ್ನು ಕೇಳಬಹುದು. ಕೇಳುವ ರೀತಿಯಲ್ಲಿಯೂ ಮರ್ಮವಿದೆ. ‘ಇದು ಕಾಣುತ್ತದೆಯೇ?’ ಎಂದು ಕೇಳಿದರೆ ಕಾಣುತ್ತದೆಂದೇ ಹೇಳುವನು, ಪತ್ರವಂತೂ ಕಾಣುತ್ತದಲ್ಲ! ಮೊದಲೇ ವಾಕ್ಯವನ್ನು ಓದಿ ಹೇಳಿದ್ದರೆ ಅದನ್ನೇ ಊಹಿಸಿ ಒಪ್ಪಿಸುವನು. ಪತ್ರದಲ್ಲಿ ಏನಿದೆಯೆಂದು ತಿಳಿಸದೆ, ಹದಿನೈದು ಹೆಜ್ಜೆ ದೂರದಲ್ಲಿ ನಿಲ್ಲಿಸಿ, ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದಿಸತಕ್ಕದ್ದು. ಓದು ಬಾರದವನಾದರೆ ಎಷ್ಟು ಸಾಲುಗಳಿವೆಯೆಂದು ಎಣಿಸಿ ಹೇಳಲಿ. ಅದೇ ದೂರದಿಂದ ಅವನಷ್ಟೇ ವಯಸ್ಸಿನ ಇನ್ನೊಬ್ಬನಿಂದಲೂ ಓದಿಸಬೇಕು. ಇಲ್ಲದಿದ್ದರೆ ತಪ್ಪು ಬಣ್ಣದ್ದೋ, ಅಕ್ಷರದ ಗಾತ್ರದ್ದೋ, ಕನ್ನಡಕದ್ದೋ ಗೊತ್ತಾಗದು. ನಾಲ್ಕು ಜನರ ಮುಂದೆ ಇದನ್ನು ತಮಾಷೆಯಾಗಿ ಮಾಡುವುದು ಸಲ್ಲದು. ಮದುವೆಯ ಮಾತುಕತೆ ನಡೆಯುತ್ತಿರುವ ಮನೆಯ ಹುಡುಗನ ಕಣ್ಣಿನ ವಿಷಯವು ಕಟ್ಟೆಯ ಮಾತಾಗುವುದು ಯಾರಿಗೂ ಒಪ್ಪಿಗೆಯಾಗದು.

ಇನ್ನು ಮೇಲಿನ ಪತ್ರವನ್ನು ತಿದ್ದುವ ಬಗೆ. ಹಸಿರನ್ನು ಪೂರ್ತಿಯಾಗಿ ಬಿಡಬೇಕಾದದ್ದಿಲ್ಲ. ಅಂಚಿಗೂ ತಲೆಬರಹದ ಭಾಗಕ್ಕೂ ಅದು ಇರಲಿ. ನಡುವಿನ ವಾಕ್ಯಕ್ಕೆ ಹಳದಿಯ ಅಗಲವಾದ ಪಟ್ಟಿಯನ್ನು ಕೊಟ್ಟು ಅದರ ಮೇಲೆ ಕಪ್ಪಿನಲ್ಲಿ ಬರೆಸಿದರೆ ಅಂತರಾಂಕವು 1.28ರಿಂದ 19ಕ್ಕೂ ಮೇಲೇರುವುದು. ಕೆಳಗಿನ ಕಪ್ಪು ಪಟ್ಟಿಯನ್ನು ಕಡುಗೆಂಪು (139, 0, 0) ಮಾಡಿ, ‘ವಿಷ’ ಎಂಬುದನ್ನು ಬಿಳಿಯಲ್ಲಿ ಬರೆಸಿದರೆ ಅಂತರಾಂಕ 10. ಕೆಂಪಿನ ಕಣಗಳಿಲ್ಲದವನಿಗೆ ಆ ಪಟ್ಟಿಯು ಇನ್ನೂ ಕಪ್ಪಾಗಿ ಕಾಣುವುದರಿಂದ ಬಿಳಿಯ ಅಕ್ಷರವು ಮತ್ತಷ್ಟು ಎದ್ದು ತೋರುವುದು. ಮಿಕ್ಕವರಿಗೆ ಅಪಾಯದ ಕೆಂಪು ಕೆಂಪಾಗಿಯೇ ಉಳಿಯಿತು. ಯಾರೇನನ್ನೂ ಕಳೆದುಕೊಂಡಂತಾಗಲಿಲ್ಲ. ಪಕ್ಕದಲ್ಲಿ ತಲೆಬುರುಡೆಯ ಚಿತ್ರವನ್ನೂ, ಕಾಳಿನ ತಟ್ಟೆಯ ಮೇಲೆ ಅಡ್ಡಗೆರೆ ಎಳೆದ ಚಿತ್ರವನ್ನೂ ಹಾಕಿಸಿದರೆ ಅಕ್ಷರ ಬಾರದವರಿಗೂ ಉಪಯೋಗ.

ಕೆಲವು ವಿನ್ಯಾಸಗಾರರು ಹಿನ್ನೆಲೆಯನ್ನು ಬದಲಾಯಿಸದೆ, ಕೆಂಪಕ್ಷರಗಳ ಸುತ್ತ ಬಿಳಿಯ ಅಂಚನ್ನು ಎಳೆದು ಕೊಡುವರು. ಇಂಗ್ಲಿಷಿನ ದೊಡ್ಡ ಅಕ್ಷರಗಳಿಗೆ ಇದು ಹೊಂದುವುದು. ಕನ್ನಡದಲ್ಲಿ ಒತ್ತಕ್ಷರ, ಕೊಂಬು, ಸುಳಿಗಳು ಒತ್ತೊತ್ತಾಗಿ ಇರುವುದರಿಂದ, ಅಂಚನ್ನು ದಪ್ಪಮಾಡಿದರೆ ಸುಳಿಯ ಒಳಗಣ ಜಾಗವು ತುಂಬಿಕೊಂಡು ‘ಷ’ವೋ ‘ಪ’ವೋ ತಿಳಿಯದಾಗುವುದು, ತೆಳುವಾಗಿಸಿದರೆ ದೂರಕ್ಕೆ ಕಾಣದು. ಪಟ್ಟಿಯನ್ನು ಕೊಡುವುದೇ ಉತ್ತಮ. ಮತ್ತೆ ಕೆಲವರು ಹಿನ್ನೆಲೆಗೆ ಪೈರಿನ ಹೊಲದ ಛಾಯಾಚಿತ್ರವನ್ನು ಹಾಕಿ ಅದರ ಮೇಲೆ ಬರೆಸುವರು. ಹೊಲದಲ್ಲಿ ಬಿಸಿಲು ಬಿದ್ದ ಭಾಗದ ಹೊಳಪು ಬೇರೆ, ನೆರಳಿನದು ಬೇರೆ. ಒಂದೇ ಸಾಲಿನ ಅರ್ಧವು ಓದಬಂದು ಮಿಕ್ಕರ್ಧವು ಬಾರದು. ‘ತಿನ್ನಬಾರದು’ ಎಂಬ ಮಾತಿನ ಕೊನೆಯ ಮೂರು ಅಕ್ಷರಗಳು ನೆರಳಿನಲ್ಲಿ ಅಡಗಿದರೆ ಅರ್ಥವು ಏನಾಗುವುದೆಂಬುದನ್ನು ಹೇಳಬೇಕಾಗಿಲ್ಲ.

ಕೀಟನಾಶಕದ ಡಬ್ಬಿಗಳ ವಿಷಯವಾದ ಪತ್ರಗಳಲ್ಲಿ ಇನ್ನೊಂದು ತೊಡಕಿದೆ. ಡಬ್ಬಿಯ ಮೇಲಿನ ಚೌಕದ ಕೆಳ ಅರ್ಧದಲ್ಲಿ, ವಿಷದ ಉಗ್ರತೆಯು ಇಳಿಯುವ ಕ್ರಮದಲ್ಲಿ, ಕೆಂಪು, ಹಳದಿ, ನೀಲಿ, ಹಸಿರು ಎಂಬ ನಾಲ್ಕು ಬಣ್ಣಗಳನ್ನು ಹಾಕುವರು. ಅತ್ಯುಗ್ರವಾದುದಕ್ಕೆ ಕೆಂಪು, ಎಲ್ಲಕ್ಕಿಂತ ಸೌಮ್ಯವಾದುದಕ್ಕೆ ಹಸಿರು. ವರ್ಣಾಂಧನಿಗೆ ಬೆರೆತುಹೋಗತಕ್ಕವು ಈ ಎರಡೇ ಆಗಿರುವುದು ದುರದೃಷ್ಟ. ಡಬ್ಬಿಯಲ್ಲಿ ಚೌಕದ ಮೇಲಿನ ಅರ್ಧದಲ್ಲಿ ಮಾತೂ, ಅತ್ಯುಗ್ರವಾದುದಕ್ಕೆ ತಲೆಬುರುಡೆಯ ಗುರುತೂ ಇರುವುದರಿಂದ ತಿಳಿಯಲು ದಾರಿಯಿದೆ. ಭಿತ್ತಿಪತ್ರ ಬರೆಸುವವರು ಮೇಲಿನ ಅರ್ಧವನ್ನು ಬಿಟ್ಟು ನಾಲ್ಕು ಬಣ್ಣದ ಚೌಕಗಳನ್ನು ಮಾತ್ರ ಬರೆಸಿದರೆ ಆ ದಾರಿಯೂ ಮುಚ್ಚಿತು. ಪ್ರತಿಯೊಂದು ಚೌಕದ ಪಕ್ಕದಲ್ಲಿಯೂ ‘ಕೆಂಪು: ಅತ್ಯುಗ್ರ ವಿಷ’ ಎಂಬಂತೆ ಬಣ್ಣದ ಹೆಸರನ್ನೂ ಅರ್ಥವನ್ನೂ ಬಿಳಿಯ ಮೇಲೆ ಕಪ್ಪಿನಲ್ಲಿ ಬರೆಸತಕ್ಕದ್ದು. ‘ಕೆಂಪು ಗುರುತಿನ ಡಬ್ಬಿಯನ್ನು ಮುಟ್ಟಬೇಡಿ’ ಎಂದು ಮಾತ್ರ ಬರೆದು ಬಿಟ್ಟರೆ, ಅಕ್ಷರವನ್ನು ಓದಿದವನು ಡಬ್ಬಿಯನ್ನು ಗುರುತಿಸಲಾರನು.

ಮುದ್ರಣಕ್ಕೆ ಒಪ್ಪಿಗೆ ಕೊಡುವ ಮೊದಲು, ಪತ್ರವು ಯಾವ ಕಾಗದದ ಅಥವಾ ಬಟ್ಟೆಯ ಮೇಲೆ ಬರುವುದೋ ಅದರ ಮೇಲೆಯೇ ಒಂದು ಗೇಣಗಲದ ತುಂಡನ್ನು ಮುದ್ರಿಸಿ ತರಿಸಿಕೊಳ್ಳುವುದು ಲೇಸು. ಪರದೆಯ ಮೇಲೆ ಬೆಳಗುವ ಕೆಂಪೂ ಹಸಿರೂ ಒರಟು ಬಟ್ಟೆಯ ಮೇಲೆ ಬಂದಾಗ ಮಂಕಾಗುವುದುಂಟು. ಲೆಕ್ಕದಲ್ಲಿ 5 ಇದ್ದದ್ದು ಕಣ್ಣಿಗೆ 4 ಆದೀತು. ಆ ತುಂಡನ್ನು ನೆರಳಿನಲ್ಲಿಯೂ ಮುಸ್ಸಂಜೆಯಲ್ಲಿಯೂ ಒಮ್ಮೊಮ್ಮೆ ನೋಡಿ, ಫೋನಿನ ಮತ್ತು ಹಸಿರು ಕಾಗದದ ಪರೀಕ್ಷೆಗಳನ್ನು ಅದರ ಮೇಲೆಯೇ ನಡೆಸಬೇಕು.

ಈಗಾಗಲೇ ಗೋಡೆಗೇರಿರುವ ಪತ್ರಗಳನ್ನು ಕಿತ್ತುಹಾಕಿ ಹೊಸದನ್ನು ಮಾಡಿಸುವ ವೆಚ್ಚವು ಬೇಡವಾದರೆ, ಮರೆಯಾದ ಸಾಲಿನ ಮೇಲೆ ಬಿಳಿಯ ಕಾಗದದ ಪಟ್ಟಿಯನ್ನು ಅಂಟಿಸಿ, ಕಪ್ಪು ಬಣ್ಣದಿಂದ ಕುಂಚದಲ್ಲಿ ಅದೇ ವಾಕ್ಯವನ್ನು ಬರೆಸಿದರೆ ಸಾಕು. ಅಂದ ಕೆಟ್ಟೀತು, ಅರ್ಥ ಕೆಡದು. ಬಿಸಿಲು ಬೀಳುವ ಗೋಡೆಯ ಪತ್ರಗಳನ್ನು ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ಪರೀಕ್ಷಿಸುವುದು ಅವಶ್ಯಕ. ಮುದ್ರಣದ ಶಾಯಿಗಳಲ್ಲಿ ಕೆಂಪು ಹಳದಿಗಳು ಬೇಗ ಮಾಸಿ, ನೀಲಿ ಕಪ್ಪುಗಳು ಹೆಚ್ಚು ಕಾಲ ನಿಲ್ಲುವುವು. ಆದಕಾರಣ ಬಿಳಿಯ ಮೇಲಿನ ಕೆಂಪಕ್ಷರವು ಮೊದಲು ಓದಬಂದಿದ್ದರೂ ಒಂದು ಬೇಸಗೆ ಕಳೆಯುವುದರೊಳಗೆ ತಿಳಿಗುಲಾಬಿಯಾಗಿ ಎಲ್ಲರ ಕಣ್ಣಿನಿಂದಲೂ ಮರೆಯಾಗಬಹುದು. ಹಳದಿಯ ಮೇಲಿನ ಕಪ್ಪಾದರೋ, ಹಳದಿಯು ಬೆಳ್ಳಗಾದರೂ, ಬಿಳಿಯ ಮೇಲಿನ ಕಪ್ಪಾಗಿ ನಿಲ್ಲುವುದು.